ಕೊಡುವ ಮುಂಚೆ ಒಂದೊಂದು ಸಾಲು: ಮೇಗುಟಿ ಶಾಸನದ ಪಾಠವನ್ನು ಚಿತ್ರದ ಜೊತೆ ತಾಳೆ ನೋಡುವ ಬಗೆ

ಶಾಸನದ ಪಾಠ ಬರೆದು ಮುಗಿಸಿದವರು "ಒಮ್ಮೆ ಕಣ್ಣಾಡಿಸಿಬಿಡ್ರಿ" ಅಂತ ಕಳಿಸುತ್ತಾರೆ. ಕಣ್ಣಾಡಿಸುವುದಕ್ಕೂ ತಾಳೆ ನೋಡುವುದಕ್ಕೂ ಬಹಳ ಅಂತರ ಇದೆ. ಕಣ್ಣಾಡಿಸುವಾಗ ನಾವು ಪಾಠವನ್ನು ಓದುತ್ತೇವೆ, ಅದು ಸರಾಗವಾಗಿ ಅರ್ಥವಾದರೆ ಸರಿ ಅನ್ನುತ್ತೇವೆ. ಆದರೆ ಸರಾಗವಾಗಿ ಅರ್ಥವಾಗುವ ಪಾಠವೇ ಕಲ್ಲಿಗೆ ದೂರವಾಗಿರಬಹುದು. ಅದು ಹೇಗೆ ಅಂತ ಐಹೊಳೆಯ ಮೇಗುಟಿ ಶಾಸನವನ್ನೇ ಇಟ್ಟುಕೊಂಡು ಇಲ್ಲಿ ಹೇಳುತ್ತೇನೆ. ಕಮತಗಿಯಲ್ಲಿದ್ದವರಿಗೆ ಅಮೀನಗಡ ದಾಟಿದರೆ ಐಹೊಳೆ ದೂರವೇನಲ್ಲ. ಚಿತ್ರದಲ್ಲಿ ಬಗೆಹರಿಯದ್ದನ್ನು ಕಲ್ಲಿನ ಮುಂದೆಯೇ ನಿಂತು ನೋಡಿ ಬರಲಿಕ್ಕಾಗುವ ಶಾಸನ ಅದು.

ಈ ಶಾಸನ ಓದುಗರಿಗೆ ಗೊತ್ತಿರುವಂಥದ್ದೇ. ಇಮ್ಮಡಿ ಪುಲಕೇಶಿಯ ಕಾಲದಲ್ಲಿ ರವಿಕೀರ್ತಿ ರಚಿಸಿದ್ದು. ಬೆಟ್ಟದ ಮೇಲಿನ ಜಿನಾಲಯದ ಪೂರ್ವದ ಗೋಡೆಯಲ್ಲಿದೆ. ಭಾಷೆ ಸಂಸ್ಕೃತ, ಲಿಪಿ ಆ ಕಾಲದ ಕನ್ನಡ ಲಿಪಿ. 37 ಪದ್ಯಗಳು, ಕಲ್ಲಿನ ಮೇಲೆ 19 ಸಾಲು. ಕಾಲ ಶಕ 556, ಅಂದರೆ ಕ್ರಿ.ಶ. 634-35. ಫ್ಲೀಟ್ ಇದನ್ನು 'ಇಂಡಿಯನ್ ಆಂಟಿಕ್ವರಿ'ಯಲ್ಲಿ 1876ರಲ್ಲಿ ಪ್ರಕಟಿಸಿದರು, 1879ರಲ್ಲಿ ಅದೇ ಪತ್ರಿಕೆಯಲ್ಲಿ ಮತ್ತೊಮ್ಮೆ ತಿದ್ದಿ ಪ್ರಕಟಿಸಿದರು. ಆಮೇಲೆ ಕೀಲ್‌ಹಾರ್ನ್ 'ಎಪಿಗ್ರಾಫಿಯಾ ಇಂಡಿಕಾ'ದ 6ನೇ ಸಂಪುಟದಲ್ಲಿ ಹೊಸದಾಗಿ ಸಂಪಾದಿಸಿದರು. ಒಂದೇ ಕಲ್ಲು, ಕಾಲು ಶತಮಾನದಲ್ಲಿ ಮೂರು ಸಲ ಅಚ್ಚಾಯಿತು. ಫ್ಲೀಟ್ ಅವರಂಥವರೇ ಮೂರು ವರ್ಷದಲ್ಲಿ ತಮ್ಮ ಓದನ್ನು ತಾವೇ ಮತ್ತೆ ಮಾಡಿದರು ಅನ್ನೋದನ್ನ ಮೊದಲು ಗಮನದಲ್ಲಿಟ್ಟುಕೊಳ್ಳಿ.

ನನ್ನ ಗೆಳೆಯರೊಬ್ಬರು ಅಭ್ಯಾಸಕ್ಕೆಂದು ಈ ಶಾಸನವನ್ನು ಫೋಟೋ ನೋಡಿ ಕನ್ನಡ ಲಿಪಿಯಲ್ಲಿ ಬರೆದರು. ಅದನ್ನು ಮುಂದೆ ಒಬ್ಬ ಸಂಪಾದಕರಿಗೆ ಕೊಡುವುದಿತ್ತು. ಕೊಡುವ ಮುಂಚೆ ತಾಳೆ ನೋಡುವ ಕೆಲಸ ನನಗೆ ಬಂತು. ನಾವು ಮಾಡಿದ್ದು ಇಷ್ಟು.

ಮೊದಲನೆಯದು ಚಿತ್ರದ ವಿಷಯ. ಯಾವ ಫೋಟೋ ನೋಡಿ ಬರೆದಿದ್ದಾರೋ ಅದೇ ಫೋಟೋ ಇಟ್ಟುಕೊಂಡು ತಾಳೆ ನೋಡಿದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಆ ಫೋಟೋದಲ್ಲಿ ಕಾಣದ ಗೆರೆ ಎರಡನೇ ಸಲವೂ ಕಾಣುವುದಿಲ್ಲ. ಕಲ್ಲಿನಲ್ಲಿ ಕೊರೆದ ಗೆರೆ ನಮಗೆ ಕಾಣುವುದು ಅದರ ಒಂದು ಅಂಚಿಗೆ ಬೆಳಕು, ಇನ್ನೊಂದು ಅಂಚಿಗೆ ನೆರಳು ಬಿದ್ದಾಗ. ಬೆಳಕು ಬರುವ ದಿಕ್ಕಿಗೂ ಗೆರೆಯ ದಿಕ್ಕಿಗೂ ಒಂದೇ ಓಟ ಇದ್ದರೆ ನೆರಳು ಬೀಳುವುದಿಲ್ಲ, ಗೆರೆ ಮಾಯವಾಗುತ್ತದೆ. ಮೇಲಿನಿಂದ ಓರೆಯಾಗಿ ಬಿಸಿಲು ಬಿದ್ದರೆ ಅಡ್ಡಗೆರೆಗಳು ಎದ್ದು ಕಾಣುತ್ತವೆ, ಉದ್ದಗೆರೆಗಳು ಸೊರಗುತ್ತವೆ. ಪಕ್ಕದಿಂದ ಬೆಳಕು ಬಿಟ್ಟರೆ ಇದರ ತಿರುವುಮುರುವು. ಪೂರ್ವದ ಗೋಡೆಗೆ ಮುಂಜಾನೆ ಬಿಸಿಲು ಎದುರಿಗೇ ಹೊಡೆಯುತ್ತದೆ. ಆಗ ತೆಗೆದ ಫೋಟೋ ನೋಡಲಿಕ್ಕೆ ಚಂದ, ಓದಲಿಕ್ಕೆ ಕೆಲಸಕ್ಕೆ ಬಾರದು. ಹೊತ್ತು ಏರಿ ಬಿಸಿಲು ಗೋಡೆಯನ್ನು ಸವರಿಕೊಂಡು ಇಳಿಯುವಾಗ ತೆಗೆದದ್ದು ಬೇರೆಯೇ ಕಲ್ಲಿನ ಹಾಗೆ ಕಾಣುತ್ತದೆ. ಹಾಗಾಗಿ ತಾಳೆಗೆ ಕನಿಷ್ಠ ಎರಡು ಚಿತ್ರ ಬೇಕು: ಬೆಳಕು ಬೇರೆ ಬೇರೆ ಕಡೆಯಿಂದ ಬಿದ್ದವು. ಪಡಿಯಚ್ಚು ಸಿಕ್ಕರೆ ಇನ್ನೂ ಒಳ್ಳೆಯದು, ಅದರಲ್ಲಿ ಬೆಳಕಿನ ತಕರಾರೇ ಇಲ್ಲ. ಆದರೆ ಅದಕ್ಕೆ ಅದರದೇ ತೊಂದರೆ ಇದೆ. ಪಡಿಯಚ್ಚಿನಲ್ಲಿ ತಗ್ಗು ಇದ್ದ ಕಡೆ ಮಸಿ ಹತ್ತುವುದಿಲ್ಲ, ಬಿಳಿಯಾಗಿ ಉಳಿಯುತ್ತದೆ. ಉಳಿಯ ಗೆರೆಯೂ ಬಿಳಿ, ಕಲ್ಲಿನ ಚಕ್ಕೆ ಹಾರಿದ ಜಾಗವೂ ಬಿಳಿ. ಉಳಿಯ ಗೆರೆಯ ಅಗಲ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ, ಅಕ್ಷರದ ಉಳಿದ ಗೆರೆಗೆ ಹೋಗಿ ಸೇರುತ್ತದೆ. ಚಕ್ಕೆ ಎದ್ದದ್ದು ಅಂಕುಡೊಂಕು, ಅಕ್ಷರದ ಆಚೆಗೂ ಹರಡಿರುತ್ತದೆ. ಇದು ಪಡಿಯಚ್ಚು ಒಂದನ್ನೇ ನೋಡಿದರೆ ಖಚಿತವಾಗದು, ಫೋಟೋ ಪಕ್ಕದಲ್ಲಿಟ್ಟುಕೊಂಡರೆ ಆಗುತ್ತದೆ.

ಎರಡನೆಯದು ಸಾಲಿನ ಅಳತೆ. ಇಲ್ಲಿ ಮೇಗುಟಿಯಂಥ ಪದ್ಯಶಾಸನಗಳಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಪುಸ್ತಕಗಳಲ್ಲೂ ಅಂತರ್ಜಾಲದಲ್ಲೂ ಈ ಶಾಸನ ಪದ್ಯ ಪದ್ಯವಾಗಿ, ನಾಲ್ಕು ಪಾದ ಬಿಡಿಸಿ ಅಚ್ಚಾಗಿರುತ್ತದೆ. ಕಲ್ಲಿನಲ್ಲಿ ಹಾಗಿಲ್ಲ. 37 ಪದ್ಯ 19 ಸಾಲಿನಲ್ಲಿ ತುಂಬಿರುವಾಗ ಒಂದೊಂದು ಸಾಲಿನಲ್ಲಿ ಸುಮಾರು ಎರಡು ಪದ್ಯ ಬರುತ್ತವೆ. ಸಾಲು ಒಡೆಯುವುದು ಪದ್ಯದ ನಡುವೆ, ಎಷ್ಟೋ ಸಲ ಪದದ ನಡುವೆಯೇ. ಪದ್ಯಕ್ಕೆ ಪದ್ಯ ತಾಳೆ ನೋಡಿದರೆ ನಾವು ಕಲ್ಲಿಗೆ ತಾಳೆ ನೋಡಿದಂತಾಗುವುದಿಲ್ಲ, ಅಚ್ಚಾದ ಪುಸ್ತಕಕ್ಕೆ ನೋಡಿದಂತಾಗುತ್ತದೆ. ಆದ್ದರಿಂದ ಪಾಠವನ್ನು ಮೊದಲು ಕಲ್ಲಿನ ಸಾಲಿನಂತೆ ಒಡೆದು, ಪ್ರತಿ ಸಾಲಿಗೂ ಅಂಕಿ ಹಾಕಿಸಿದೆ. ಪದ್ಯದ ಅಂಕಿ ಬೇಕಾದರೆ ಇರಲಿ, ಅದು ಎರಡನೆಯದು.

ಸಾಲು ಒಡೆದ ಮೇಲೆ ಎಣಿಕೆ. ಚಿತ್ರದ ಮೇಲೆ ಒಂದು ಸಾಲನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ಎಷ್ಟು ಅಕ್ಷರ ಇವೆ ಅಂತ ಎಣಿಸುವುದು, ಓದುವುದಲ್ಲ. ಒತ್ತಕ್ಷರ ಎಷ್ಟೇ ಅಂತಸ್ತಿನದಾದರೂ ಒಂದೇ ಲೆಕ್ಕ. ಆ ಕಾಲದ ಲಿಪಿಯಲ್ಲಿ ಕೊನೆಯ ಅರ್ಧಾಕ್ಷರ, ಅಂದರೆ ಸ್ವರವಿಲ್ಲದ ಮ್, ತ್ ಮುಂತಾದವು, ಸಣ್ಣದಾಗಿ ಸಾಲಿಗಿಂತ ಸ್ವಲ್ಪ ಕೆಳಗೆ ಬರುತ್ತವೆ. ಅವನ್ನು ಒಂದು ಅಂತ ಎಣಿಸುತ್ತೀರೋ ಬಿಡುತ್ತೀರೋ ಮೊದಲೇ ನಿಶ್ಚಯ ಮಾಡಿಕೊಳ್ಳಬೇಕು, ನಡುವೆ ಬದಲಿಸಬಾರದು. ಆಮೇಲೆ ಪಾಠದ ಅದೇ ಸಾಲನ್ನು ಎಣಿಸುವುದು. ಎರಡು ಅಂಕಿ ಕೂಡದಿದ್ದರೆ ಅಲ್ಲೇ ನಿಲ್ಲಬೇಕು. ಬಹಳ ಸಲ ಕಾರಣ ಒಂದೇ ಆಗಿರುತ್ತದೆ: ಹತ್ತಿರ ಹತ್ತಿರ ಒಂದೇ ಅಕ್ಷರಜೋಡಿ ಎರಡು ಸಲ ಬಂದಿರುತ್ತದೆ, ಬರೆಯುವವರ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ ನಡುವಿನದು ಬಿಟ್ಟುಹೋಗಿರುತ್ತದೆ. ಇದನ್ನು ಓದಿ ಹಿಡಿಯುವುದು ಕಷ್ಟ, ಎಣಿಸಿದರೆ ಎರಡು ನಿಮಿಷದ ಕೆಲಸ. ನಮ್ಮೂರ ಮಗ್ಗದ ಮುಂದೆ ಕೂತವರಿಗೆ ಎಳೆ ಲೆಕ್ಕ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಬಟ್ಟೆ ಚಂದ ಕಂಡರೂ ಎಳೆ ಕಡಿಮೆ ಇದ್ದರೆ ಕಡಿಮೆಯೇ.

ಪದ್ಯಶಾಸನಕ್ಕೆ ಛಂದಸ್ಸಿನ ಸಹಾಯ ಇದೆ ಅಂತಾರೆ, ನಿಜ. ಅನುಷ್ಟುಪ್ ಶ್ಲೋಕದಲ್ಲಿ ಪಾದಕ್ಕೆ 8 ಅಕ್ಷರ, ಒಟ್ಟು 32. ಒಂದು ಬಿಟ್ಟುಹೋದರೆ ಛಂದಸ್ಸು ಕುಂಟುತ್ತದೆ, ತಕ್ಷಣ ಗೊತ್ತಾಗುತ್ತದೆ. ಆದರೆ ಒಂದು ಅಕ್ಷರದ ಜಾಗದಲ್ಲಿ ಅಷ್ಟೇ ತೂಕದ ಇನ್ನೊಂದು ಅಕ್ಷರ ಕೂತರೆ ಛಂದಸ್ಸು ಸುಮ್ಮನಿರುತ್ತದೆ. ಲಘುವಿನ ಜಾಗದಲ್ಲಿ ಲಘು ಬಂದರೆ ಅದಕ್ಕೇನೂ ಅಭ್ಯಂತರ ಇಲ್ಲ. ಈ ಮಾತು ಸ್ವಲ್ಪ ಹೊತ್ತಿಗೇ ಕೆಲಸಕ್ಕೆ ಬರುತ್ತದೆ.

ಮೂರನೆಯದು, ಈ ವಿಧಾನದ ಹೊಟ್ಟೆ ಅನ್ನಬೇಕಾದ್ದು: ಓದುವವರು ಒಬ್ಬರು, ಪಾಠ ಹಿಡಿಯುವವರು ಇನ್ನೊಬ್ಬರು. ಓದುವವರ ಮುಂದೆ ಚಿತ್ರ ಮಾತ್ರ ಇರಬೇಕು. ಪಾಠದ ಹಾಳೆ ಅವರ ಕಣ್ಣಿಗೆ ಬೀಳಲೇಬಾರದು. ಪಾಠ ಹಿಡಿದವರಿಗೆ ಹಳೆಯ ಲಿಪಿ ಬರಬೇಕಾಗಿಲ್ಲ, ಇವತ್ತಿನ ಕನ್ನಡ ಓದಲಿಕ್ಕೆ ಬಂದರೆ ಸಾಕು. ಹಳೆಯ ಲಿಪಿ ಬಾರದಿದ್ದರೇ ಒಳ್ಳೆಯದು ಅಂತ ನನಗೆ ಅನ್ನಿಸಿದೆ, ಯಾಕಂದ್ರೆ ಅವರು ಚಿತ್ರದ ಪರವಾಗಿ ವಾದಕ್ಕೆ ಇಳಿಯುವುದಿಲ್ಲ. ಕೇಳಿದ್ದಕ್ಕೂ ಹಾಳೆಯಲ್ಲಿ ಇದ್ದದ್ದಕ್ಕೂ ವ್ಯತ್ಯಾಸ ಬಂದರೆ 'ನಿಲ್ರಿ' ಅನ್ನುವುದಷ್ಟೇ ಅವರ ಕೆಲಸ. ನಮ್ಮಲ್ಲಿ ಈ ಕೆಲಸಕ್ಕೆ ಕೂತದ್ದು ಅಣ್ಣನ ಮಗಳು, ಪದವಿ ಓದುತ್ತಿರುವಾಕೆ.

ಎರಡು ದಪ್ಪ ಕಾರ್ಡು ತೆಗೆದುಕೊಂಡು ಚಿತ್ರದ ಮೇಲೆ ಒಂದು ಸಾಲಷ್ಟೇ ಕಾಣುವಂತೆ ಮುಚ್ಚಿದೆ. ಕಂಪ್ಯೂಟರಿನಲ್ಲಾದರೆ ಒಂದೊಂದು ಸಾಲನ್ನೂ ಪಟ್ಟಿಯಾಗಿ ಕತ್ತರಿಸಿಟ್ಟುಕೊಂಡರೂ ನಡೆದೀತು, ಆದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿಗೆ ಇಳಿದಿರುತ್ತವೆ. ಕತ್ತರಿಸುವಾಗ ಅವು ಹೋಗದಂತೆ ಎರಡೂ ಕಡೆ ಸ್ವಲ್ಪ ಜಾಗ ಬಿಡಬೇಕು. ಓದುವುದು ಪದ ಪದವಾಗಿ ಅಲ್ಲ, ಅಕ್ಷರ ಅಕ್ಷರವಾಗಿ. ಅದೂ ಶಾಲೆಯಲ್ಲಿ ಮಾಸ್ತರು ಕಾಗುಣಿತ ಹೇಳಿಸುತ್ತಿದ್ದ ಹಾಗೆ: ತಲಕಟ್ಟು, ಗುಡಿಸು, ಕೊಂಬು, ಏತ್ವ, ದೀರ್ಘ, ಸೊನ್ನೆ, ಒತ್ತು. 'ಧರ್ಮ್ಮ' ಅಂತ ಕಲ್ಲಿನಲ್ಲಿ ಇದ್ದರೆ ಬಾಯಿಂದ 'ಧರ್ಮ' ಅಂತಲೇ ಬರುತ್ತದೆ, ಕೇಳಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. 'ಧ, ಆಮೇಲೆ ಮ, ಅದಕ್ಕೆ ಮ ಒತ್ತು, ಮೇಲೆ ರೇಫೆ' ಅಂತ ಹೇಳಿದರೆ ಮಾತ್ರ ಗೊತ್ತಾಗುತ್ತದೆ. ಆ ಕಾಲದ ಶಾಸನಗಳಲ್ಲಿ ರೇಫೆಯ ಮುಂದಿನ ವ್ಯಂಜನ ಇಮ್ಮಡಿಸುವುದು ತೀರ ಸಾಮಾನ್ಯ, ಮತ್ತು ಪಾಠ ಬರೆಯುವವರ ಕೈ ಅದನ್ನು ಇವತ್ತಿನ ರೂಢಿಗೆ ತಿದ್ದಿಬಿಡುವುದೂ ಅಷ್ಟೇ ಸಾಮಾನ್ಯ. ಗೆಳೆಯರ ಪಾಠದಲ್ಲಿ ಈ ಜಾತಿಯ ವ್ಯತ್ಯಾಸಗಳೇ ಹೆಚ್ಚು ಸಿಕ್ಕವು. ಅರ್ಥಕ್ಕೆ ಅದರಿಂದ ಕುಂದಿಲ್ಲ. ಆದರೆ ಇಮ್ಮಡಿಸುವ ರೂಢಿಯನ್ನು ಅಭ್ಯಾಸ ಮಾಡುವವರೊಬ್ಬರು ನಾಳೆ ಈ ಪಾಠ ನಂಬಿದರೆ ಅವರ ಲೆಕ್ಕವೆಲ್ಲ ತಪ್ಪುತ್ತದೆ.

ಹೀಗೆ ಓದುತ್ತ ಓದುತ್ತ ಕಾಲ ಹೇಳುವ ಶ್ಲೋಕಗಳಿಗೆ ಬಂದೆವು. ಇಲ್ಲಿ ನಿಧಾನಿಸುತ್ತೇನೆ. ಈ ಬರಹದ ಮುಖ್ಯ ಉದಾಹರಣೆ ಇದೇ.

ರವಿಕೀರ್ತಿ ಕಾಲವನ್ನು ಎರಡು ಶ್ಲೋಕಗಳಲ್ಲಿ ಎರಡು ಲೆಕ್ಕದಿಂದ ಹೇಳುತ್ತಾನೆ. ಮೊದಲನೆಯದು ಭಾರತಯುದ್ಧದಿಂದ ಎಣಿಸಿದ್ದು: ಮೂವತ್ತು, ಮೂರು ಸಾವಿರ, ಏಳು ನೂರು, ಐದು, ಕೂಡಿಸಿದರೆ 3735. ಎರಡನೆಯದು ಕಲಿಕಾಲದಲ್ಲಿ ಶಕರಾಜರ ವರ್ಷಗಳಿಂದ ಎಣಿಸಿದ್ದು: ಐವತ್ತು, ಆರು, ಐದು ನೂರು, ಅಂದರೆ 556. ಮೊದಲನೇ ಶ್ಲೋಕದ ಕೊನೆಯ ಪಾದದಲ್ಲಿ 'ಐದು ವರ್ಷಗಳು ಕಳೆದಾಗ' ಎಂಬ ಅರ್ಥ ಬರಬೇಕಾದ ಕಡೆ ಗೆಳೆಯರ ಹಾಳೆಯಲ್ಲಿ 'ಗತೇಷು' ಅಂತ ಇತ್ತು. ಗತ, ಕಳೆದ. ಅರ್ಥ ಸರಿ, ಛಂದಸ್ಸು ಸರಿ. ಚಿತ್ರದಿಂದ ನಾನು ಓದುತ್ತಿದ್ದಾಗ ಈ ಅಕ್ಷರ 'ಶ' ಅಂದೆ.

"ನಿಲ್ರಿ ಕಾಕಾ," ಅಂದಳು. "ಇಲ್ಲಿ 'ಗ' ಐತಿ. ನೀವು 'ಶ' ಅಂದ್ರಿ."

"ಮುಂದ ಏನೈತಿ ಹೇಳಬ್ಯಾಡ. ಚೀಟಿಯೊಳಗ ಬರಕೋ, ಹಾಳಿ ತಿದ್ದಬ್ಯಾಡ."

ಆ ಕಾಲದ ಲಿಪಿಯಲ್ಲಿ 'ಗ' ಅಂದರೆ ಒಂದು ಕಮಾನು, ಮೇಲೆ ಬಾಗಿದ್ದು, ಕೆಳಗೆ ತೆರೆದದ್ದು. 'ಶ'ದ ಹೊರಮೈಯೂ ಅದೇ ಕಮಾನು. ವ್ಯತ್ಯಾಸ ಒಳಗಿನ ಒಂದು ಗೆರೆ. ಆ ಗೆರೆ ಇದ್ದರೆ 'ಶ', ಇಲ್ಲದಿದ್ದರೆ 'ಗ'. ಬೆಳಕಿನ ದಿಕ್ಕಿನ ಬಗ್ಗೆ ಮೇಲೆ ಹೇಳಿದ್ದು ಇಲ್ಲಿ ಪೂರ್ತಿ ಲಾಗೂ ಆಗುತ್ತದೆ. ಒಳಗಿನ ಗೆರೆಯ ಓಟಕ್ಕೇ ಬೆಳಕು ಬಿದ್ದಿದ್ದರೆ 'ಶ' ಕೂಡ 'ಗ'ದ ಹಾಗೆ ಕಾಣುತ್ತದೆ. ಹಾಗಾಗಿ ಮೊದಲು ಎರಡನೇ ಚಿತ್ರ ತೆಗೆದೆ. ಆಮೇಲೆ ಇದೇ ಶಾಸನದೊಳಗೆ ಅನುಮಾನವೇ ಇಲ್ಲದ 'ಶ' ಎಲ್ಲೆಲ್ಲಿದೆ, ಅನುಮಾನವೇ ಇಲ್ಲದ 'ಗ' ಎಲ್ಲೆಲ್ಲಿದೆ ಅಂತ ಹುಡುಕಿ ಮೂರು ಮೂರನ್ನು ಕತ್ತರಿಸಿ ಪಕ್ಕ ಪಕ್ಕ ಇಟ್ಟೆ. ಲಿಪಿಪಟ್ಟಿಯ ಪುಸ್ತಕ ತೆರೆಯುವುದಕ್ಕಿಂತ ಇದು ಒಳ್ಳೆಯದು. ಪಟ್ಟಿಯಲ್ಲಿರುವುದು ಬೇರೆ ಕೈಯ ಅಕ್ಷರ, ಕಲ್ಲಿನಲ್ಲಿರುವುದು ಈ ಕಂಡರಣೆಗಾರನ ಅಕ್ಷರ. ಅನುಮಾನದ ಅಕ್ಷರ 'ಶ'ಗಳ ಗುಂಪಿಗೆ ಸೇರಿತು.

ಇನ್ನೊಂದು ಪ್ರಶ್ನೆ ಉಳಿಯಿತು. ಕಲ್ಲಿನಲ್ಲಿ 'ಶ' ಇದ್ದರೆ 'ಶತೇಷು' ಆಗುತ್ತದೆ, ನೂರುಗಳು. 'ಐದು ನೂರು' ಅಂತ ತೆಗೆದುಕೊಂಡರೆ ಲೆಕ್ಕ ಹೀಗಾಗುತ್ತದೆ: 30, 3000, 700, 500, ಒಟ್ಟು 4230. ಭಾರತಯುದ್ಧದ ಈ ಎಣಿಕೆಯನ್ನು ಕಲಿವರ್ಷ ಎಂದೇ ತೆಗೆದುಕೊಳ್ಳುತ್ತಾರೆ. ಕಳೆದ ಕಲಿವರ್ಷದಿಂದ 3179 ಕಳೆದರೆ ಕಳೆದ ಶಕವರ್ಷ ಬರುತ್ತದೆ. 4230ರಿಂದ ಕಳೆದರೆ 1051. ಮುಂದಿನ ಶ್ಲೋಕದ 556ಕ್ಕೂ ಅದಕ್ಕೂ ಸಂಬಂಧವೇ ಇಲ್ಲ. 'ಗತೇಷು' ಅಂತ ಹಿಡಿದು 3735ರಿಂದ 3179 ಕಳೆದರೆ ಕರಾರುವಾಕ್ಕಾಗಿ 556. ಅಂದರೆ ಕವಿ ಬರೆದದ್ದು 'ಗ', ಕಲ್ಲಿನ ಮೇಲೆ ಕೂತದ್ದು 'ಶ'. ಯಾಕೆ ಹಾಗಾಯಿತು ಅನ್ನುವುದಕ್ಕೆ ನನ್ನ ಊಹೆ ಇಷ್ಟು: ಅದರ ಹಿಂದಿನ ಪಾದದಲ್ಲೇ ಏಳು ನೂರು ಹೇಳುವ ಕಡೆ 'ಶತ' ಬಂದುಹೋಗಿದೆ. ಆಗಷ್ಟೇ 'ಶತ' ಕೊರೆದ ಕೈ ಮತ್ತೆ 'ತೇ'ಯ ಹಿಂದೆ 'ಶ' ಕೊರೆದಿರಬೇಕು.

ಕೀಲ್‌ಹಾರ್ನ್ ಇಲ್ಲಿ ಮಾಡಿದ್ದನ್ನು ನೋಡಿ. ಅವರು 'ಶ' ಅಂತ ಇಟ್ಟು, ಅದರ ಪಕ್ಕ ದುಂಡು ಕಂಸದಲ್ಲಿ 'ಗ' ಕೊಟ್ಟರು. ಕಲ್ಲಿನಲ್ಲಿ ಇದ್ದದ್ದು ಒಂದು, ಇರಬೇಕಾದದ್ದು ಇನ್ನೊಂದು. ಎರಡೂ ಓದುಗನಿಗೆ ಕಾಣುತ್ತವೆ. ಗೆಳೆಯರ ಹಾಳೆಯಲ್ಲಿ ಕಂಸ ಇರಲಿಲ್ಲ, ಬರೀ 'ಗ' ಇತ್ತು. ಅರ್ಥದ ದೃಷ್ಟಿಯಿಂದ ಅವರದು ಸರಿಯಾದ ಓದು, ಪಾಠದ ದೃಷ್ಟಿಯಿಂದ ತಪ್ಪು. ಈ ಶ್ಲೋಕವನ್ನು ಹತ್ತಾರು ಪುಸ್ತಕಗಳಲ್ಲಿ ಓದಿದವರಿಗೆ ಕಲ್ಲು ನೋಡಿದರೂ ಕಣ್ಣಿಗೆ 'ಗ'ವೇ ಕಾಣುತ್ತದೆ. ಇದು ಅವರ ದಡ್ಡತನ ಅಲ್ಲ, ತಿಳಿವಳಿಕೆಯ ತೊಂದರೆ. ಗೊತ್ತಿದ್ದವರೇ ಹೀಗೆ ತಪ್ಪುತ್ತಾರೆ, ಗೊತ್ತಿಲ್ಲದ ನನ್ನ ಅಣ್ಣನ ಮಗಳು ತಪ್ಪಲಿಲ್ಲ. ಇಂಥ ಸಣ್ಣ ಗೆರೆಯ ಮೇಲೆ ಭಾರತಯುದ್ಧದ ಕಾಲದ ಬಗ್ಗೆ ದೊಡ್ಡ ದೊಡ್ಡ ವಾದಗಳೂ ಹುಟ್ಟಿಕೊಂಡಿವೆ. ಸಂಪಾದಕರು ಕಲ್ಲನ್ನು ಗುಟ್ಟಾಗಿ ತಿದ್ದಿದರು ಅಂತ ಯಾರಾದರೂ ಆಕ್ಷೇಪ ಎತ್ತಿದರೆ ಉತ್ತರ ಆ ದುಂಡು ಕಂಸದಲ್ಲೇ ಇದೆ. ಕಂಸ ಹಾಕದೆ ಬರೆದವರಿಗೆ ಆ ಉತ್ತರ ಇರುವುದಿಲ್ಲ.

ಕಂಸಗಳ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ. ಎಪಿಗ್ರಾಫಿಯಾ ಇಂಡಿಕಾದ ರೂಢಿಯಲ್ಲಿ ಸವೆದಿದ್ದರೂ ಓದಲಿಕ್ಕಾದ ಅಕ್ಷರ ಚೌಕ ಕಂಸದಲ್ಲಿ, ತಪ್ಪು ಅಕ್ಷರದ ತಿದ್ದುಪಡಿ ದುಂಡು ಕಂಸದಲ್ಲಿ, ಕೊರೆಯುವವನು ಬಿಟ್ಟದ್ದನ್ನು ನಾವು ಸೇರಿಸಿದರೆ ಚೌಕ ಕಂಸದೊಳಗೆ ನಕ್ಷತ್ರದ ಗುರುತಿನೊಂದಿಗೆ. ಕನ್ನಡದ ಸಂಪುಟಗಳಲ್ಲಿ ಸ್ವಲ್ಪ ಬೇರೆ ರೂಢಿ ಇದ್ದೀತು. ಯಾವುದನ್ನು ಬೇಕಾದರೂ ಹಿಡಿಯಿರಿ, ಪಾಠ ಪೂರ್ತಿ ಅದೇ ಇರಲಿ. ತಾಳೆ ನೋಡುವಾಗ ಕಂಸಗಳಿಗೇ ಒಂದು ಸುತ್ತು ಬೇರೆ ಇಡುತ್ತೇನೆ. ಆ ಸುತ್ತಿನಲ್ಲಿ ಪ್ರತಿ ಕಂಸದ ಮುಂದೆ ಕೇಳುವುದು ಒಂದೇ: ಇದರೊಳಗಿನ ಅಕ್ಷರದ ಎಷ್ಟು ಗೆರೆ ಚಿತ್ರದಲ್ಲಿ ಕಾಣುತ್ತದೆ? ಒಂದು ಗೆರೆಯೂ ಕಾಣದಿದ್ದರೆ ಅದು ಓದಿದ್ದಲ್ಲ, ಊಹಿಸಿದ್ದು, ಗುರುತು ಬದಲಾಗಬೇಕು. ಪೂರ್ತಿ ಕಾಣುತ್ತಿದ್ದರೆ ಕಂಸ ತೆಗೆಯಬೇಕು. ಅಂಜಿಕೆಯಿಂದ ಎಲ್ಲಕ್ಕೂ ಕಂಸ ಹಾಕುವವರೂ ಇದ್ದಾರೆ. ಅದೂ ಓದುಗನಿಗೆ ಮಾಡುವ ಉಪಕಾರವಲ್ಲ.

ಕಲ್ಲಿನ ಕೊನೆಯ ಭಾಗಕ್ಕೆ ಬಂದಾಗ ರೀತಿ ಬದಲಾಗುತ್ತದೆ. ಪದ್ಯಗಳು ಮುಗಿದ ಮೇಲೆ 18ನೇ ಸಾಲು ಮತ್ತು ಗಿಡ್ಡನೆಯ 19ನೇ ಸಾಲು ಆಮೇಲೆ ಸೇರಿಸಿದವು ಅಂತ ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ದೇವಾಲಯದ ಭುಕ್ತಿಯ ಊರುಗಳ ಹೆಸರು ಬರುತ್ತವೆ: ಮೂಲವಳ್ಳಿ, ಗಂಗವೂರು, ಪುಲಿಗೆರೆ ಮುಂತಾದವು. 37ನೇ ಪದ್ಯದ ಕಾಳಿದಾಸ ಭಾರವಿಯರ ಹೆಸರಿಗೆ ಎಲ್ಲರ ಕಣ್ಣೂ ಹೋಗುತ್ತದೆ, ಅಲ್ಲಿಗೆ ದಣಿವೂ ಆಗಿರುತ್ತದೆ. ಊರ ಹೆಸರಿನ ಸಾಲನ್ನು ಓಡಿಸಿಬಿಡುತ್ತಾರೆ. ಆದರೆ ತಪ್ಪು ಹಿಡಿಯುವುದು ತೀರ ಕಷ್ಟ ಇರುವ ಜಾಗ ಇದೇ. ಛಂದಸ್ಸು ಇಲ್ಲ, ವಾಕ್ಯದ ಅರ್ಥ ಇಲ್ಲ, ನಿಘಂಟು ತೆಗೆದರೆ ಏನೂ ಸಿಗದು. ಊರ ಹೆಸರಿನಲ್ಲಿ ಒಂದಕ್ಷರ ಆಚೀಚೆಯಾದರೆ ಬೇರೆ ಊರಾಗುತ್ತದೆ ಅಥವಾ ಯಾವ ಊರೂ ಅಲ್ಲದ್ದಾಗುತ್ತದೆ. ಹೆಸರುಗಳನ್ನು ನಾನು ಬಲದಿಂದ ಎಡಕ್ಕೆ ಓದುತ್ತೇನೆ. ಪುಲಿಗೆರೆ ಅಂತ ಗೊತ್ತಾದ ಕ್ಷಣ ಕಣ್ಣು ಕೊನೆಯ ಎರಡು ಅಕ್ಷರ ನೋಡುವುದನ್ನೇ ಬಿಡುತ್ತದೆ; 'ರೆ, ಗೆ, ಲಿ, ಪು' ಅಂತ ಹಿಂದಿನಿಂದ ಬಂದರೆ ಪ್ರತಿಯೊಂದನ್ನೂ ನೋಡಲೇಬೇಕಾಗುತ್ತದೆ. ಹೆಸರಿರುವ ಸಾಲು, ಅಂಕಿ ಇರುವ ಸಾಲು ಇವಕ್ಕೆ ಹಿಮ್ಮುಖ ಓದು ತಪ್ಪಿಸಬಾರದು. ಉಳಿದ ಸಾಲುಗಳಿಗೆ ವೇಳೆ ಇದ್ದರೆ ಮಾಡಿ.

ಈ ಲಿಪಿಯಲ್ಲಿ ಹಿಮ್ಮುಖ ಓದಿನಲ್ಲೂ ಎರಡು ಸಲ ನೋಡಬೇಕಾದ ಜೋಡಿಗಳು ಕೆಲವಿವೆ. 'ಪ' ಮತ್ತು 'ಷ', ಇಲ್ಲೂ ಒಳಗಿನ ಗೆರೆಯದೇ ಆಟ. 'ತ' ಮತ್ತು 'ನ', ಸುರುಳಿ ಇದೆಯೋ ಇಲ್ಲವೋ. 'ದ' ಮತ್ತು 'ಡ', ಕೆಳಗಿನ ಬಾಲ. ಗುಡಿಸಿನಲ್ಲಿ ಹ್ರಸ್ವ ದೀರ್ಘದ ವ್ಯತ್ಯಾಸ ಒಂದು ಪುಟ್ಟ ಸುರುಳಿ. ಏತ್ವ ಓತ್ವಗಳಲ್ಲಾದರೆ ಲಿಪಿಯೇ ಹ್ರಸ್ವ ದೀರ್ಘ ಬೇರ್ಪಡಿಸುವುದಿಲ್ಲ. ಸಂಸ್ಕೃತ ಶಾಸನದಲ್ಲಿ ಎಲ್ಲವೂ ದೀರ್ಘವಾದ್ದರಿಂದ ತಲೆಬಿಸಿ ಇಲ್ಲ. ಕನ್ನಡ ಶಾಸನದಲ್ಲಿ 'ಎ'ಯೋ 'ಏ'ಯೋ ಅನ್ನುವುದು ಓದುವವರ ತೀರ್ಮಾನ, ಕಲ್ಲಿನ ಸಾಕ್ಷಿ ಅಲ್ಲ. ತಾಳೆ ನೋಡುವವರು ಅದನ್ನು ತಪ್ಪು ಅಂತ ಗುರುತು ಹಾಕಬಾರದು.

ಇನ್ನು ಟೈಪ್ ಮಾಡಿದ ಪಾಠಕ್ಕೇ ಅಂಟಿದ ಒಂದು ಪೀಡೆ. ಕನ್ನಡದ ಅನುಸ್ವಾರ `ಂ` ಮತ್ತು ಸೊನ್ನೆ ಅಂಕಿ `೦` ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ, ಮೊದಲನೆಯದು `U+0C82`, ಎರಡನೆಯದು `U+0CE6`. ಅನುಸ್ವಾರದ ಜಾಗದಲ್ಲಿ ಅಂಕಿ ಕೂತ ಪಾಠವನ್ನು ಎಷ್ಟು ಸಲ ಚಿತ್ರಕ್ಕೆ ಹೋಲಿಸಿದರೂ ಸಿಕ್ಕುವುದಿಲ್ಲ. ಕಡತದಲ್ಲಿ `೦` ಹುಡುಕಿದರೆ ಸಿಕ್ಕುತ್ತದೆ. ಗೆಳೆಯರ ಕಡತದಲ್ಲಿ ಇದು ಒಂದೆರಡಲ್ಲ, ಬಹಳ ಕಡೆ ಇತ್ತು. ಕನ್ನಡ ಶಾಸನಗಳಾದರೆ ಇದರ ಜೊತೆ ಱ ಮತ್ತು ೞ ಕೂಡ ನೋಡಬೇಕು. ಕೀಲಿಮಣೆಯಲ್ಲಿ ಅವು ಸುಲಭಕ್ಕೆ ಕೈಗೆ ಸಿಗದೆ ರ, ಳ ಆಗಿಬಿಟ್ಟಿರುತ್ತವೆ. ಚಿತ್ರದಲ್ಲಿ ಎಷ್ಟು ೞ ಇವೆ ಅಂತ ಎಣಿಸಿಟ್ಟುಕೊಂಡು ಕಡತದಲ್ಲಿ ಹುಡುಕಿದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ತಾಳೆ ನಡೆಯುವಾಗ ಹಾಳೆಯನ್ನು ತಿದ್ದಬಾರದು ಅಂತ ಹೇಳಿದೆನಲ್ಲ, ಅದಕ್ಕೆ ಕಾರಣ ಇದೆ. ನಡುವೆ ತಿದ್ದಲಿಕ್ಕೆ ನಿಂತರೆ ಚರ್ಚೆ ಶುರುವಾಗುತ್ತದೆ, ಚರ್ಚೆಯಲ್ಲಿ ಅರ್ಥ ಬರುತ್ತದೆ, ಅರ್ಥ ಬಂದ ಮೇಲೆ ಮುಂದಿನ ಹತ್ತು ಅಕ್ಷರ ಕಣ್ಣಿಗೆ ಕಾಣುವುದು ನಿಲ್ಲುತ್ತದೆ. ಅದಕ್ಕೆ ಒಂದು ಚೀಟಿ. ಅದರಲ್ಲಿ ನಾಲ್ಕೇ ಮನೆ: ಸಾಲಿನ ಅಂಕಿ, ಸಾಲಿನಲ್ಲಿ ಎಷ್ಟನೇ ಅಕ್ಷರ, ಹಾಳೆಯಲ್ಲಿ ಏನಿದೆ, ಚಿತ್ರದಲ್ಲಿ ಏನು ಕೇಳಿಸಿತು. ಐದನೇ ಮನೆ, ತೀರ್ಮಾನ, ಖಾಲಿ ಇರುತ್ತದೆ. 19 ಸಾಲೂ ಮುಗಿದ ಮೇಲೆ, ಸಾಧ್ಯವಾದರೆ ಮರುದಿನ, ಚೀಟಿ ಹಿಡಿದು ಎರಡೂ ಚಿತ್ರ ಮುಂದಿಟ್ಟುಕೊಂಡು ಒಂದೊಂದಕ್ಕೂ ತೀರ್ಮಾನ ಬರೆಯುವುದು. ತೀರ್ಮಾನ ಮೂರು ಬಗೆ ಮಾತ್ರ. ಹಾಳೆ ತಪ್ಪು, ತಿದ್ದಬೇಕು. ಓದಿದ್ದು ತಪ್ಪು, ಹಾಳೆ ಹಾಗೇ ಇರಲಿ. ಚಿತ್ರದಿಂದ ತೀರ್ಮಾನ ಆಗದು, ಕಲ್ಲು ನೋಡಬೇಕು. ಮೂರನೆಯದನ್ನು ಬರೆಯಲಿಕ್ಕೆ ಸಂಕೋಚ ಪಡುವವರು ಮೊದಲೆರಡರಲ್ಲಿ ಒಂದನ್ನು ಬಲವಂತವಾಗಿ ಆರಿಸಿಬಿಡುತ್ತಾರೆ. ಹಾಳಾಗುವುದು ಅಲ್ಲೇ.

ತಿದ್ದಿದ ಮೇಲೆ ಆ ಅಕ್ಷರ ಮಾತ್ರ ನೋಡಿ ಸುಮ್ಮನಾಗಬಾರದು, ತಿದ್ದಿದ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಎಣಿಸಿ ಓದಬೇಕು. ತಿದ್ದುವಾಗ ಪಕ್ಕದ ಒತ್ತು ಅಳಿಸಿಹೋಗುವುದು, ಅಕ್ಷರ ಎರಡು ಸಲ ಬೀಳುವುದು ಕಂಪ್ಯೂಟರಿನಲ್ಲಿ ನಿತ್ಯದ ಮಾತು.

ಗೆಳೆಯರ ಪಾಠವನ್ನು ಕೊಡುವಾಗ ಅದರ ಜೊತೆ ಅರ್ಧ ಪುಟ ಸೇರಿಸಿದೆವು. ಯಾವ ಯಾವ ಚಿತ್ರದಿಂದ ಓದಿದ್ದು, ಬೆಳಕು ಎಲ್ಲಿಂದ ಬಿದ್ದದ್ದು, ಯಾವ ದಿನ ತಾಳೆ ನೋಡಿದ್ದು, ಅರ್ಧಾಕ್ಷರವನ್ನು ಎಣಿಕೆಗೆ ಸೇರಿಸಿದ್ದೇವೋ ಇಲ್ಲವೋ, ಕಂಸಗಳ ರೂಢಿ ಯಾವುದು ಎಂಬಿಷ್ಟು. ಕೆಳಗೆ 'ಕಲ್ಲು ನೋಡಬೇಕು' ಅಂತ ಉಳಿದವುಗಳ ಪಟ್ಟಿ, ಸಾಲು ಮತ್ತು ಅಕ್ಷರದ ಅಂಕಿ ಸಮೇತ. ಕಾಲದ ಶ್ಲೋಕದಲ್ಲಿ 'ಶ', ಅದರ ಪಕ್ಕ ದುಂಡು ಕಂಸದಲ್ಲಿ 'ಗ' ಕೂತಿತು. ಪಟ್ಟಿಯಲ್ಲಿ ಉಳಿದವು ಹೆಚ್ಚಿಲ್ಲ, ಹೆಚ್ಚಿನವು ಊರ ಹೆಸರಿನ ಸಾಲಿನಲ್ಲೇ ಇವೆ. ಬಿಸಿಲು ಓರೆಯಾಗಿ ಬೀಳುವ ಹೊತ್ತು ನೋಡಿಕೊಂಡು, ಆ ಪಟ್ಟಿ ಮತ್ತು ಒಂದು ಸಣ್ಣ ಬ್ಯಾಟರಿ ಹಿಡಿದು ಮೇಗುಟಿ ಹತ್ತಬೇಕು.